ತಾರಸಿಯ ತರಕಾರಿಗೆ ಬರೀ ಕೆಮ್ಮಣ್ಣು ಸಾಕೇ? ಯಾವ ಕುಂಡ ಒಳ್ಳೆಯದು?

ಪ್ರಶ್ನೆ (ಗೃಹಿಣಿ, ಹಾಸನ): ನಮ್ಮದು 20×30 ಅಡಿಯ ಆರ್‌ಸಿಸಿ ತಾರಸಿ. ಟೊಮೆಟೊ, ಬದನೆ, ಮೆಣಸಿನಕಾಯಿಗೆಂದು 40 ಕುಂಡ ಇಡುವ ಯೋಚನೆ ಇದೆ. ಪಕ್ಕದ ಸೈಟಿನ ಕೆಮ್ಮಣ್ಣು ಪುಕ್ಕಟೆ ಸಿಗುತ್ತದೆ. ಅಂಗಡಿಯವರು ಕಪ್ಪು ಗ್ರೋ ಬ್ಯಾಗ್ ಮತ್ತು ಕೊಕೊಪೀಟ್ ಎನ್ನುತ್ತಾರೆ, ನಮ್ಮ ಮಾವನವರು ಸಿಮೆಂಟ್ ಕುಂಡವೇ ಬಾಳಿಕೆ ಎನ್ನುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ಮಣ್ಣು ಹಸಿಯಿದ್ದರೂ ಗಿಡಗಳು ಮಧ್ಯಾಹ್ನ ಬಾಡುತ್ತಿದ್ದವು. ಏನು ಮಾಡಲಿ?

ಉತ್ತರ (ತೋಟಗಾರಿಕೆ ಸಲಹೆಗಾರ, ಚಿಕ್ಕಮಗಳೂರು): ಮೊದಲು ಭಾರವನ್ನು ನೋಡೋಣ, ಮೇಡಂ. 12 ಅಂಗುಲ ಅಗಲ, ಅಷ್ಟೇ ಎತ್ತರದ ಚೀಲಕ್ಕೆ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ. ನೀರು ಕುಡಿದ ಕೆಮ್ಮಣ್ಣು ಲೀಟರಿಗೆ 1.8 ಕೆ.ಜಿ.ಯಷ್ಟು ತೂಗುವುದರಿಂದ ಒಂದು ಚೀಲವೇ 36 ಕೆ.ಜಿ. ಆಗುತ್ತದೆ, ಚದರ ಮೀಟರಿಗೆ ನಾಲ್ಕು ಇಟ್ಟರೆ 144 ಕೆ.ಜಿ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಹೇಳುವ ಮೇಲ್ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ಮಾತ್ರ, ಅದರಲ್ಲಿ ನೀವು ನಿಂತು ನೀರು ಹಾಕುವ ಭಾರವೂ ಸೇರಿದೆ. ಕೆಮ್ಮಣ್ಣು, ಕೊಕೊಪೀಟ್, ಚೆನ್ನಾಗಿ ಕಳಿತ ಗೊಬ್ಬರ ಒಂದೊಂದು ಪಾಲು, ಸುಟ್ಟ ಭತ್ತದ ಹೊಟ್ಟು ಅರ್ಧ ಪಾಲು ಬೆರೆಸಿದರೆ ಅದೇ ಚೀಲ ಒದ್ದೆಯಾದಾಗ 23 ಕೆ.ಜಿ. ಆಸುಪಾಸಿನಲ್ಲಿ ನಿಲ್ಲುತ್ತದೆ. ನನ್ನ ಲೆಕ್ಕವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಒಂದು ಚೀಲ ತುಂಬಿ, ನೀರು ಹಾಕಿ, ಸೋರುವುದು ನಿಂತ ಮೇಲೆ ಮನೆಯ ತೂಕದ ಯಂತ್ರದ ಮೇಲಿಟ್ಟು ನೋಡಿ. ಸಿಮೆಂಟ್ ಕುಂಡಕ್ಕೆ ತನ್ನದೇ ತೂಕವಿದೆ. ಮಾವನವರ ಆಸೆಗೆ ಒಂದೆರಡನ್ನು ಗೋಡೆಯ ನೇರಕ್ಕೆ ಇಡಬಹುದು, ಸ್ಲ್ಯಾಬಿನ ನಡುವೆ ಬೇಡ.

ಬಾಡಿದ್ದು ನೀರಿನ ಕೊರತೆಯಿಂದಲ್ಲ ಎಂದು ನನಗನ್ನಿಸುತ್ತದೆ. ಬಿಸಿಲು ಬಿದ್ದ ಕಪ್ಪು ಕುಂಡದ ಒಳಮೈಗೆ ತಾಗಿದ ಬೇರು ಬೆಂದರೆ ಸುತ್ತ ನೀರಿದ್ದರೂ ಗಿಡ ಅದನ್ನು ಎಳೆದುಕೊಳ್ಳಲಾರದು. ಮೂರು ಗಂಟೆಗೆ ಪಶ್ಚಿಮ ಬದಿಯಲ್ಲಿ ಕುಂಡದ ಅಂಚಿಗೆ ಒತ್ತಿಕೊಂಡು ಬೆರಳನ್ನು ಎರಡು ಅಂಗುಲ ಇಳಿಸಿ. ಮಣ್ಣು ಬೆರಳಿಗೆ ಬಿಸಿಯೆನಿಸಿದರೆ ಕಾರಣ ಅದೇ. ಬಿಳಿಯ ಅಥವಾ ತಿಳಿ ಬಣ್ಣದ ಚೀಲ ತೆಗೆದುಕೊಳ್ಳಿ, ಕಪ್ಪೇ ಇದ್ದರೆ ಹೊರಗೆ ಸುಣ್ಣ ಬಳಿಯಿರಿ. ಮಣ್ಣಿನ ಕುಂಡದ ಮೈ ಬೆವರುವುದರಿಂದ ಬೇರಿಗೆ ತಂಪು, ಆದರೆ ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಸಲ ನೀರು ಕೇಳುತ್ತದೆ.

ಸದಸ್ಯರು (ಸಕಲೇಶಪುರ): ಮಳೆಗಾಲದಲ್ಲಿ ನೀರು ನಿಲ್ಲದಿರಲು ಕುಂಡದ ತಳದಲ್ಲಿ ಮೂರು ಅಂಗುಲ ಜಲ್ಲಿ ಹಾಕಲೇಬೇಕು. ನಮ್ಮಲ್ಲಿ ಹಿಂದಿನಿಂದ ಮಾಡುವುದೇ ಹಾಗೆ.

ಸಲಹೆಗಾರ: ನಿಮ್ಮ ಆತಂಕ ಸರಿ ಸರ್, ಪರಿಹಾರ ಮಾತ್ರ ಸರಿಯಿಲ್ಲ. ಸಣ್ಣ ಕಣದ ಮಣ್ಣಿನಿಂದ ನೀರು ದಪ್ಪ ಜಲ್ಲಿಗೆ ಸಲೀಸಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣಿನ ಕೆಳಪದರ ಪೂರ್ತಿ ನೆನೆದ ಮೇಲಷ್ಟೇ ಹನಿಯುತ್ತದೆ. ಹಾಗಾಗಿ ಜಲ್ಲಿ ಹಾಕಿದರೆ ಆ ನೆನೆದ ಪದರ ಮೂರು ಅಂಗುಲ ಮೇಲಕ್ಕೆ ಬಂದು ಬೇರಿಗೆ ಇನ್ನೂ ಹತ್ತಿರವಾಗುತ್ತದೆ, ಭಾರ ಬೇರೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ಹನಿ ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿದರೆ ಮತ್ತೆ ನೀರು ಬೀಳುತ್ತದೆ. ಕುಂಡವೂ ಹಾಗೆಯೇ, ಎತ್ತರ ಹೆಚ್ಚಿದಷ್ಟೂ ಚೆನ್ನಾಗಿ ಬಸಿಯುತ್ತದೆ. ರಂಧ್ರದ ಮೇಲೆ ಒಂದು ಒಡೆದ ಹೆಂಚಿನ ಚೂರು ಸಾಕು. ನಿಮ್ಮ ಕಡೆಯ ಮಳೆಗೆ ಹೊಟ್ಟಿನ ಪಾಲನ್ನು ಹೆಚ್ಚಿಸಿ, ಕೊಕೊಪೀಟ್ ಇಳಿಸಿ, ಚೀಲವನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತಿಡಿ.

ಕಾಫಿ ಬೆಳೆಗಾರರು (ಮೂಡಿಗೆರೆ): ಗೊಬ್ಬರಕ್ಕೆ ಬದಲು ನಾನು ತೋಟದ ಹಸಿ ಕಾಫಿ ಸಿಪ್ಪೆಯನ್ನೇ ಚೀಲಕ್ಕೆ ತುಂಬಿದ್ದೆ. ಎರಡೇ ವಾರದಲ್ಲಿ ಮೆಣಸಿನ ಸಸಿಗಳೆಲ್ಲ ಸುಟ್ಟಂತಾದವು. ಬಿಸಿಲಿನ ತಪ್ಪೇ ಇದು?

ಸಲಹೆಗಾರ: ಅಲ್ಲ. ಕೊಳೆಯುವಾಗ ಸಿಪ್ಪೆಯೊಳಗೇ ಶಾಖ ಏಳುತ್ತದೆ, ಸಾರಜನಕವನ್ನೂ ಅದು ಎಳೆದುಕೊಳ್ಳುತ್ತದೆ. ರಾಶಿ ಹಾಕಿ, ತಿರುವಿ, ಒಳಗೆ ಕೈಯಿಟ್ಟರೆ ತಣ್ಣಗಿದ್ದು ಮಣ್ಣಿನ ವಾಸನೆ ಬರುವವರೆಗೆ ಕಾಯಿರಿ.

ಗೃಹಿಣಿ, ಹಾಸನ: ಕೊಕೊಪೀಟನ್ನು ಹಾಗೆಯೇ ಬೆರೆಸಬಹುದೇ? ಅರ್ಧ ಕತ್ತರಿಸಿದ ಡ್ರಮ್ ಕೂಡ ಎರಡಿವೆ.

ಸಲಹೆಗಾರ: ಕೆಲವು ಕೊಕೊಪೀಟ್ ಇಟ್ಟಿಗೆಗಳಲ್ಲಿ ಉಪ್ಪು ಉಳಿದಿರುತ್ತದೆ, ಆದ್ದರಿಂದ ಎರಡು ಸಲ ನೆನೆಸಿ ನೀರು ಬಸಿಯಿರಿ. ಟೊಮೆಟೊ ಕಾಯಿಯ ಬುಡ ಕಪ್ಪಾಗಿ ಕೊಳೆತರೆ ಸುಣ್ಣಾಂಶದ ಕೊರತೆಯ ಜೊತೆಗೆ ನೀರಿನ ಏರಿಳಿತವನ್ನೂ ನೋಡಿ. ಡ್ರಮ್ ಬಗ್ಗೆ ನನಗೆ ಭಯವಿದೆ; 90 ಲೀಟರ್ ಕೆಮ್ಮಣ್ಣು 160 ಕೆ.ಜಿ.ಯಷ್ಟಾಗಿ ಎರಡಡಿಗೂ ಕಡಿಮೆ ಅಗಲದ ಒಂದೇ ಜಾಗದಲ್ಲಿ ಕೂರುತ್ತದೆ. ಹಗುರ ಮಿಶ್ರಣ ಹಾಕಿದರೂ ತೊಲೆಯ ಮೇಲೆ ಮಾತ್ರ ಇಡಿ, ಅದಕ್ಕೂ ಮೊದಲು ಮನೆ ಕಟ್ಟಿದ ಎಂಜಿನಿಯರನ್ನು ಕೇಳಿ.

ಇನ್ನೊಬ್ಬ ಸದಸ್ಯರು (ಹಾಸನ): ಸುಣ್ಣಕ್ಕಿಂತ ಅರ್ಧ ನೆರಳಿನ ಶೇಡ್ ನೆಟ್ ಕಟ್ಟುವುದೇ ಮೇಲು ಎನ್ನುವುದು ನನ್ನ ಅನುಭವ.

ಸಲಹೆಗಾರ: ಮೆಣಸಿಗೆ ಇರಬಹುದು. ನೆಟ್ ಕೆಳಗೆ ನನ್ನ ಟೊಮೆಟೊ ಹೂ ಬಿಟ್ಟದ್ದು ಕಡಿಮೆ. ಏಪ್ರಿಲ್‌ನಲ್ಲಿ ನೀವು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇಲ್ಲಿ ಬರೆಯಿರಿ.