ಸಹಾಯ ಬೇಕು: ಕೊಟೇಶನ್ ಕೊಟ್ಟ ಮೇಲೆ ಸುಮ್ಮನಾದವರಿಗೆ ಹೇಗೆ ನೆನಪಿಸುವುದು?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಕೆಲಸ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಗೋದಾಮಿನ ಮುಂದೆ 40 ಅಡಿ ಉದ್ದ, 25 ಅಡಿ ಅಗಲದ ಶೀಟ್ ಶೆಡ್ ಕೇಳಿದ್ದರು. ಹೋಗಿ ಅಳತೆ ಮಾಡಿ ವಾಟ್ಸಾಪ್‌ನಲ್ಲಿ ಕೊಟೇಶನ್ ಕಳಿಸಿದೆ. ನೋಡಿದ್ದಾರೆ, ಉತ್ತರ ಇಲ್ಲ. ಫೋನ್ ಮಾಡಿದರೆ "ನೋಡಿ ಹೇಳ್ತೀನ್ರಿ" ಅಂದರು.

ರೇಟು ಜಾಸ್ತಿ ಆಯಿತೋ, ಬೇರೆಯವರಿಂದಲೂ ಕೇಳಿದ್ದಾರೋ, ಹಂಗಾಮಿನ ಗಡಿಬಿಡಿಯೋ ಗೊತ್ತಾಗುತ್ತಿಲ್ಲ. ಸೀಸನ್‌ನಲ್ಲಿ ಅವರಿಗೆ ಪುರುಸೊತ್ತು ಇರಲ್ಲ, ಅದು ನಿಜ. ಆದರೆ ಕಬ್ಬಿಣದ ರೇಟು ಏರಿಳಿಯುತ್ತದೆ ಅಂತ ಕೊಟೇಶನ್‌ನಲ್ಲಿ 15 ದಿನದ ಅವಧಿ ಬರೆದಿದ್ದೇನೆ. ಅದು ಶನಿವಾರ ಮುಗಿಯುತ್ತದೆ. ಮತ್ತೆ ನೆನಪಿಸಲು ಇದೇ ಸರಿಯಾದ ಕಾರಣ ಅನಿಸುತ್ತದೆ. "ಏನಾಯ್ತ್ರಿ?" ಅಂತ ಬರೇ ಕೇಳಿದರೆ ಅವರಿಗೆ ಹೇಳಲು ಏನೂ ಇರಲ್ಲ, ಅಲ್ವಾ?

ಹೀಗೆ ಬರೆದಿದ್ದೇನೆ:

"ನಮಸ್ಕಾರ ಸಾಹುಕಾರ್ರೇ. ಶೆಡ್ಡಿನ ರೇಟು ಶನಿವಾರದವರೆಗೆ ಇದೇ ಇರುತ್ತದೆ. ಆಮೇಲೆ ಶೀಟಿನ ರೇಟು ನೋಡಿ ಹೊಸದಾಗಿ ಕೊಡಬೇಕಾಗುತ್ತದೆ. ಖರ್ಚು ಜಾಸ್ತಿ ಅನಿಸಿದರೆ ಈಗ ಕಂಬ ಮತ್ತು ಮೇಲ್ಛಾವಣಿ ಮಾಡಿ, ಪಕ್ಕದ ಶೀಟು ಆಮೇಲೆ ಹಾಕಬಹುದು. ಈ ವರ್ಷ ಬೇಡ ಅಂದರೂ ತಿಳಿಸ್ರಿ, ನಡೆಯುತ್ತದೆ."

ಕೊನೆಯ ಸಾಲು ಇರಲೋ, ತೆಗೆಯಲೋ? ಬೇಡ ಅನ್ನಲು ಸಂಕೋಚಪಟ್ಟು ಸುಮ್ಮನಿರುವವರು ಅದರಿಂದ ಬಾಯಿ ಬಿಡುತ್ತಾರೆ ಅಂತ ನನ್ನ ಲೆಕ್ಕ. ನನ್ನ ತಮ್ಮ ಮಾತ್ರ ನಾವೇ ಅವರ ಬಾಯಿಂದ ಬೇಡ ಅನ್ನಿಸಿದಂತಾಗುತ್ತದೆ ಅನ್ನುತ್ತಾನೆ. ಲೆಕ್ಕ ನೋಡುವ ಅವರ ಮಗನಿಗೂ ಕಳಿಸಬಹುದಾ, ಅಥವಾ ಹಿರಿಯರನ್ನು ದಾಟಿ ಹೋದಂತಾಗುತ್ತದಾ? ಬ್ಯಾಡಗಿ, ಹಾವೇರಿ ಕಡೆ ವ್ಯವಹಾರ ಮಾಡಿದವರು ದಯವಿಟ್ಟು ಹೇಳಿ.