‘ಮಿತಿ’ ಎರಡು ಕಡೆ ಬಂದಾಗ ಏನು ಮಾಡೋದು?

ಎಲ್ಲರಿಗೂ ನಮಸ್ಕಾರ.

ನಾನು ದ್ವಿತೀಯ ಪಿಯು ಮಕ್ಕಳಿಗೆ ಕನ್ನಡದಲ್ಲೇ ಗಣಿತ ಹೇಳಿಕೊಡುತ್ತೇನೆ. ಒಂದು ಪದದ ವಿಷಯಕ್ಕೆ ನಿಮ್ಮ ಸಹಾಯ ಬೇಕು. ಲೆಕ್ಕ ಇದು:

lim (n→∞) [ 1/(n+1) + 1/(n+2) + … + 1/(2n) ]

ಇದನ್ನು ನಿಶ್ಚಿತ ಅನುಕಲವಾಗಿ ಬರೆದು ಬೆಲೆ ಹೇಳಬೇಕು. ಮೊತ್ತದ ಮುಂದಿನ lim ಅನ್ನು ನಾನು ‘ಮಿತಿ’ ಅನ್ನುತ್ತೇನೆ. ∫ ಚಿಹ್ನೆಯ ಕೆಳಗೆ, ಮೇಲೆ ಬರೆಯುವ ಸಂಖ್ಯೆಗಳಿಗೂ ‘ಕೆಳಮಿತಿ, ಮೇಲ್ಮಿತಿ’ ಅಂತಲೇ ಹೇಳುತ್ತಾ ಬಂದಿದ್ದೇನೆ. ಕಳೆದ ವಾರ ಒಬ್ಬಳು ಹುಡುಗಿ 0 ಇಂದ ∞ ವರೆಗೆ dx/(1+x) ಅಂತ ಬರೆದಿದ್ದಳು. ಯಾಕಮ್ಮಾ ಅಂದರೆ, “ಮಿತಿ ಅನಂತಕ್ಕೆ ಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ ಮಿಸ್” ಅಂದಳು. ಅವಳ ತಪ್ಪಲ್ಲ, ನನ್ನ ಪದದ ತಪ್ಪು ಅನ್ನಿಸಿತು. ಎರಡಕ್ಕೂ ಬೇರೆ ಬೇರೆ ಪದ ಇದೆಯಾ?

ಉತ್ತರ, ಬೆಂಗಳೂರಿನಿಂದ

ಮೇಡಂ, ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾನು ಎಂಜಿನಿಯರಿಂಗ್ ಓದುವಾಗ ಒಂದೇ ಸೂತ್ರ ಇಟ್ಟುಕೊಂಡಿದ್ದೆ: 1/n ಹೊರಗೆ ತೆಗಿ, k/n ಇದ್ದ ಕಡೆ x ಹಾಕು, 1/n ಅನ್ನು dx ಮಾಡು, 0 ಇಂದ 1 ಹಾಕು. ನಿಮ್ಮ ಲೆಕ್ಕದಲ್ಲಿ 1/(n+k) ಅಂದರೆ (1/n) × 1/(1+k/n). ಹಾಗಾಗಿ ∫ dx/(1+x), 0 ಇಂದ 1, ಉತ್ತರ ln 2. ಯಾವಾಗಲೂ 0 ಇಂದ 1 ತಾನೇ, ಅದಕ್ಕೆ ಹೆಸರು ಯಾಕೆ?

ಉತ್ತರ, ಧಾರವಾಡದಿಂದ

ತಮ್ಮಾ, ln 2 ಸರಿ, “ಯಾವಾಗಲೂ” ಅನ್ನೋದು ತಪ್ಪು. ಅದೇ ಮೊತ್ತವನ್ನು 1/(3n) ವರೆಗೆ ಎಳೆದು ನೋಡು. ಆಗ k ಹೋಗೋದು 1 ಇಂದ 2n ವರೆಗೆ. ಮೊದಲನೇ k/n ಅಂದರೆ 1/n, ಅದು 0 ಕಡೆಗೆ ಇಳಿಯುತ್ತದೆ. ಕೊನೆಯದು 2n/n, ಅಂದರೆ 2. ಹಾಗಾಗಿ 0 ಇಂದ 2, ಉತ್ತರ ln 3. ನಾಲ್ಕು ದಶಕ ಪಾಠ ಮಾಡಿದ್ದೇನೆ, ಈ ಲೆಕ್ಕದಲ್ಲಿ ಮಕ್ಕಳು ಜಾಸ್ತಿ ಎಡವೋದು ಇಲ್ಲೇ.

ಮೇಡಂ, ಆ ಹುಡುಗಿಗೆ ಒಂದು ಮಾತು ಹೇಳಿ. ಮೊತ್ತದಲ್ಲಿ n ಪದಗಳಿವೆ, ಪ್ರತಿಯೊಂದೂ 1/n ಗಿಂತ ಚಿಕ್ಕದು. ಹಾಗಿದ್ದ ಮೇಲೆ ಮೊತ್ತ 1 ದಾಟಲು ಸಾಧ್ಯವೇ ಇಲ್ಲ. ಯಾವುದೂ 1/(2n) ಗಿಂತ ಚಿಕ್ಕದಲ್ಲ, ಅಂದರೆ ಅರ್ಧಕ್ಕಿಂತ ಕೆಳಗೂ ಇಳಿಯುವುದಿಲ್ಲ. ಅವಳು ಬರೆದ ಅನುಕಲವೋ ಕೊನೆಯೇ ಇಲ್ಲದೆ ಬೆಳೆಯುತ್ತದೆ. ಎಲ್ಲೋ ತಪ್ಪಿದೆ ಅಂತ ಅವಳಿಗೇ ಗೊತ್ತಾಗುತ್ತದೆ.

ಪದದ ವಿಷಯ: ∫ ಚಿಹ್ನೆಯ ಸಂಖ್ಯೆಗಳಿಗೆ ನಾನು ‘ಎಲ್ಲೆ’ ಅನ್ನುತ್ತಿದ್ದೆ. ಕೆಳ ಎಲ್ಲೆ, ಮೇಲಿನ ಎಲ್ಲೆ. ಹೊಲದ ಎಲ್ಲೆ ಇದ್ದ ಹಾಗೆ, ಇಲ್ಲಿಂದ ಅಲ್ಲಿವರೆಗೆ ಅಂತ ನಾವು ಗುರುತು ಹಾಕೋದು. lim ಹಾಗಲ್ಲ, ಅದು ಮೊತ್ತ ಹತ್ತಿರ ಹತ್ತಿರ ಹೋಗುವ ಬೆಲೆ. x ಅಂತ k/n ಬದಲು 1+k/n ಅನ್ನೇ ಇಟ್ಟುಕೊಂಡರೆ ಎಲ್ಲೆ 1 ಇಂದ 2 ಆಗುತ್ತದೆ, ಒಳಗೆ dx/x. ಎಲ್ಲೆ ಬದಲಾಯಿತು, ಬೆಲೆ ಅದೇ ln 2.

ಉತ್ತರ, ತುಮಕೂರಿನಿಂದ

ನಮ್ಮೂರ ಕೆರೆಯ ಹೂಳು ಅಳೆಯುವಾಗ ನಾವೂ ಹೀಗೇ ಮಾಡಿದ್ದೆವು. ಹತ್ತು ಮೀಟರಿಗೆ ಒಂದು ಗೂಟ ನೆಟ್ಟು, ಪ್ರತಿ ಗೂಟದ ಹತ್ತಿರ ಆಳ ಅಳೆದು, ಪಟ್ಟಿ ಪಟ್ಟಿಯಾಗಿ ಕೂಡಿಸಿದೆವು. ನಿಮ್ಮ ಲೆಕ್ಕಕ್ಕೆ ಹತ್ತು ಪಟ್ಟಿ ಸಾಕಲ್ವಾ? 1/11 ಇಂದ 1/20 ವರೆಗೆ ಕೂಡಿದೆ, 0.6688 ಬಂತು. ಅದೇ ಉತ್ತರ ಅಂತ ಬರೆಸಿ.

ಉತ್ತರ, ಧಾರವಾಡದಿಂದ

ಯಜಮಾನರೇ, ಕೆರೆಗೆ ಅದು ಸಾಕು. ಇಲ್ಲಿ ಕೇಳಿದ್ದು ಅಂದಾಜಲ್ಲ, ಅದು ಕೊನೆಗೆ ಯಾವ ಬೆಲೆಯ ಕಡೆಗೆ ಹೋಗುತ್ತದೆ ಅಂತ. ನೂರು ಪದ ಕೂಡಿದರೆ 0.6907. ln 2 ಅಂದರೆ 0.6931. ಇಳಿಯುವ ಗೆರೆಯಲ್ಲಿ ಪ್ರತಿ ಪಟ್ಟಿಯ ಬಲತುದಿಯ ಎತ್ತರ ತೆಗೆದುಕೊಂಡಿದ್ದೇವೆ, ಅದಕ್ಕೇ ಯಾವಾಗಲೂ ಸ್ವಲ್ಪ ಕಡಿಮೆ ಬರುತ್ತದೆ. ನಿಮ್ಮ ‘ಪಟ್ಟಿ’ ಪದ ಮಾತ್ರ ತುಂಬಾ ಚೆನ್ನಾಗಿದೆ.

ಉತ್ತರ, ಶಿವಮೊಗ್ಗದಿಂದ

lim ಗೆ ‘ಸೀಮೆ’ ಅಂದರೆ ಹೇಗೆ, ಅಕ್ಕ? ಆಗ ‘ಮಿತಿ’ಯನ್ನು ಅನುಕಲಕ್ಕೇ ಬಿಡಬಹುದು.

ಮತ್ತೆ ನಾನು

ಸೀಮೆ ಅಂದರೆ ನಮ್ಮ ಮಕ್ಕಳಿಗೆ ಬಯಲುಸೀಮೆ, ಗಡಿ. ಅದು ಮತ್ತೆ ಎಲ್ಲೆಯ ಅರ್ಥಕ್ಕೇ ಹೋಗುತ್ತೆ, ಹಾಗಾಗಿ ನನಗೆ ಒಪ್ಪಿಗೆ ಇಲ್ಲ.

ನಿನ್ನೆ ‘ಎಲ್ಲೆ’ ಬಳಸಿ ಪಾಠ ಮಾಡಿದೆ. ಬೋರ್ಡಿನಲ್ಲಿ ಮೊದಲ k/n ಎಷ್ಟು, ಕೊನೆಯ k/n ಎಷ್ಟು ಅಂತ ಎರಡು ಸಾಲು ಬರೆಸಿ, ಆಮೇಲೆ ∫ ಹಾಕಿಸಿದೆ. 3n ಇರುವ ಲೆಕ್ಕದಲ್ಲಿ ಆ ಹುಡುಗಿ ತಾನಾಗಿಯೇ 2 ಬರೆದಳು. ಆದರೆ lim ಗೆ ‘ಮಿತಿ’ ಅಂತ ಇಟ್ಟುಕೊಂಡರೆ ಇನ್ನೊಂದು ತೊಡಕು ಉಳಿಯುತ್ತದೆ. ಮಾತಿನಲ್ಲಿ ಮಿತಿ ಅಂದರೆ ದಾಟಬಾರದ್ದು. ಎಡತುದಿಯ ಎತ್ತರ ತೆಗೆದುಕೊಂಡರೆ ಇದೇ ಮೊತ್ತ ln 2 ಗಿಂತ ಮೇಲಿಂದ ಇಳಿದು ಬರುತ್ತದೆ, ಆಗ ‘ಮಿತಿ’ ಅನ್ನೋದು ಹೇಗೆ ಹೊಂದುತ್ತದೆ? ಸದ್ಯಕ್ಕೆ ಲಿಮಿಟ್ ಅಂತಲೇ ಹೇಳುತ್ತಿದ್ದೇನೆ. ಇದಕ್ಕೆ ಯಾರಾದರೂ ತರಗತಿಯಲ್ಲಿ ನಿಜವಾಗಿ ಬಳಸಿ ನೋಡಿದ ಪದ ಇದ್ದರೆ ತಿಳಿಸಿ.