ಪದಚರ್ಚೆ: ಮರಿಗಳ ತುಟಿ ಹಕ್ಕಳೆಗಟ್ಟುವ ಕಾಯಿಲೆಗೆ ಕನ್ನಡದಲ್ಲಿ ಏನನ್ನೋಣ?

ವಸುಧಾ: ಶಿರಾ ಕಡೆಯ ಕುರಿ ಸಾಕುವವರಿಗೆ ಗೋಡೆಗೆ ಅಂಟಿಸುವ ಹಾಳೆ ಮಾಡುತ್ತಿದ್ದೇನೆ, ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು. ‘ಗೋಟ್ ಪಾಕ್ಸ್’ಗೆ ಮೇಕೆ ಸಿಡುಬು ಸರಿ. ‘ಕಂಟೇಜಿಯಸ್ ಎಕ್ತೈಮಾ’ಗೆ ‘ಸಾಂಕ್ರಾಮಿಕ ಬಾಯಿಹುಣ್ಣು’ ಆದೀತೇ?

ಗುರುರಾಜ: ‘ಅಂಟು’ ಇರುವಾಗ ‘ಸಾಂಕ್ರಾಮಿಕ’ ಯಾಕೆ? ಎರಡೂ ಪಾಕ್ಸ್ ವೈರಸ್ಸುಗಳೇ, ಹಾಗಾಗಿ ‘ತುಟಿ ಸಿಡುಬು’ ಅನ್ನಿ. ಸಿಡಿಯುವುದರಿಂದ ಸಿಡುಬು, ಅಚ್ಚಗನ್ನಡ.

ಮಂಜಪ್ಪ (ಪಶುವೈದ್ಯ): ಬೇಡ. ಮನೆತನ ಒಂದೇ, ಕವಲು ಬೇರೆ. ಸಿಡುಬು ಅಂತ ಬರೆದರೆ, ಸಿಡುಬಿನ ಲಸಿಕೆ ಹಾಕಿಸಿದವರು ಇನ್ನೇನೂ ಬರಲ್ಲ ಅಂತ ಸುಮ್ಮನಾಗ್ತಾರೆ. ಆ ಲಸಿಕೆ ಇದನ್ನು ತಡೆಯಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಹಟ್ಟಿಗೆ ಕರೆದರು. ಹಾಲು ಕುಡಿಯುವ ಮರಿ, ಬಾಯಿಯ ಎರಡೂ ಮೂಲೆಯಲ್ಲಿ ದಪ್ಪ ಕಂದು ಹಕ್ಕಳೆ. ಜ್ವರವಿಲ್ಲ. ಬಾಲದಡಿ, ತೊಡೆ ಸಂದು ನೋಡಿದೆ, ಚೊಕ್ಕಟ. ಸಿಡುಬಾಗಿದ್ದರೆ ಮೈ ಸುಡುತ್ತಿತ್ತು, ಕೂದಲಿಲ್ಲದ ಆ ಜಾಗಗಳಲ್ಲೇ ಗಟ್ಟಿ ಗಂಟು ಸಿಗುತ್ತಿದ್ದವು, ಮೂಗು ಸುರಿಯುತ್ತಿತ್ತು. ಇಲ್ಲಿ ತಾಯಿಯ ಮೊಲೆತೊಟ್ಟಿಗೂ ಹಕ್ಕಳೆ ಹತ್ತಿತ್ತು, ನೋವಿಗೆ ಅದು ಮರಿಯನ್ನು ಒದೆಯುತ್ತಿತ್ತು. ಮರಿ ಸೊರಗಿದ್ದು ಹಸಿವಿನಿಂದ. ಹಾಲು ಕರೆದು ಬಾಟಲಿಯಲ್ಲಿ ಕುಡಿಸಿ, ಆ ನಿಪ್ಪಲ್ ಬೇರೆ ಮರಿಗೆ ಕೊಡಬೇಡಿ ಅಂದೆ. ತುಟಿಗೆ ಬೋರೋಗ್ಲಿಸರಿನ್ ಹಚ್ಚಿಸಿದೆ. ಮೂರ್ನಾಲ್ಕು ವಾರಕ್ಕೆ ಹಕ್ಕಳೆ ತಾನೇ ಉದುರಿತು.

ಶಾಂತಾ: ನಮ್ಮ ಹಸುವಿಗೂ ಬಾಯಿ ಹುಣ್ಣಾಗಿ ಜೊಲ್ಲು ಸುರಿದಿತ್ತು, ಗೊರಸೂ ಕೆಟ್ಟಿತ್ತು. ಅದಕ್ಕೆ ‘ಕಾಲುಬಾಯಿ’ ಅಂತಲೇ ಹೆಸರಿದೆಯಲ್ಲ?

ಮಂಜಪ್ಪ: ಅದು ಬೇರೆ ರೋಗ ಅಮ್ಮ. ‘ಬಾಯಿಹುಣ್ಣು’ ಬೇಡ ಅನ್ನುವುದೂ ಅದಕ್ಕೇ. ಹಕ್ಕಳೆ ಅನ್ನುವುದು ಹೆಸರಿನಲ್ಲೇ ಬರಲಿ. ಆ ಮನೆಯ ಯಜಮಾನ ಹಕ್ಕಳೆ ಉಗುರಲ್ಲಿ ಕಿತ್ತು ಅರಿಶಿನ ಮೆತ್ತುತ್ತಿದ್ದ. ಆತನ ಹೆಬ್ಬೆರಳಲ್ಲಿ ಮೊದಲೇ ಗಾಯವಿತ್ತು, ಅಲ್ಲೇ ಕೆಂಪು ಗಡ್ಡೆ ಎದ್ದಿತು. ಕೀವಿರಬಹುದೆಂದು ಕೊಯ್ಯಲು ಹೊರಟಿದ್ದ. ಕೊಯ್ಯದೆ ಮುಚ್ಚಿಟ್ಟು ಡಾಕ್ಟರಿಗೆ ತೋರಿಸಲು ಹೇಳಿದೆ. ಸಾಮಾನ್ಯವಾಗಿ ಆರು ವಾರದೊಳಗೆ ಮಾಯುತ್ತೆ. ಕೈಗವಸು, ಆಮೇಲೆ ಸೋಪು, ಗಾಯವಿದ್ದವರು ಆ ಮರಿ ಮುಟ್ಟಬಾರದು: ಹಾಳೆಯಲ್ಲಿ ಇಷ್ಟು ಇರಲಿ. ಉದುರಿದ ಹಕ್ಕಳೆ ಸುಡಿ, ಒಣಗಿದ್ದರಲ್ಲೂ ವೈರಸ್ಸು ತಿಂಗಳುಗಟ್ಟಲೆ ಉಳಿಯುತ್ತೆ.

ವಸುಧಾ: ‘ಬಾಯಿಹಕ್ಕಳೆ ರೋಗ’ ಅಂತ ಕೊಟ್ಟೆ, ಕೆಳಗೆ ಸಣ್ಣಕ್ಷರದಲ್ಲಿ ಇದೇ ಕಾಯಿಲೆಯ ಇನ್ನೊಂದು ಇಂಗ್ಲಿಷ್ ಹೆಸರು ‘ಆರ್ಫ್’.

ಗುರುರಾಜ: ‘ರೋಗ’ ಸಂಸ್ಕೃತ. ‘ಬೇನೆ’ ಮಾಡಿ.

ಮಂಜಪ್ಪ: ‘ಬೇನೆ’ ‘ವೇದನೆ’ಯ ತದ್ಭವ ಸ್ವಾಮಿ.

ಗುರುರಾಜ: ತದ್ಭವ ಆದಮೇಲೆ ಅದು ನಮ್ಮದೇ. ಇದಕ್ಕೆ ಬೇರೆ ಎಳೆ ತೆರೆಯುತ್ತೇನೆ.